ಸೀರೆ ಫೋಟೊಗಳಿಗೆ ಆಲ್ಟ್ ಟೆಕ್ಸ್ಟ್: ಕೈಯಲ್ಲೇ ಬರೆಯೋದಾ, ಟೂಲ್‌ಗೆ ಬಿಡೋದಾ?

ನಮ್ಮ ಅತ್ತಿಗೆ ಇಳಕಲ್ ಸೀರೆ ಮಾರುವ ಸಣ್ಣ ವೆಬ್‌ಸೈಟ್ ನಡೆಸುತ್ತಾರೆ. ಅದರ ದೇಖರೇಖಿ ನನ್ನದು. ಒಂದು ಸಂಜೆ ಧಾರವಾಡದಿಂದ ಒಬ್ಬ ಟೀಚರ್ ಫೋನ್ ಮಾಡಿದರು. ಅವರಿಗೆ ಕಣ್ಣು ಕಾಣುವುದಿಲ್ಲ, ಕಂಪ್ಯೂಟರಿನಲ್ಲಿ ಎನ್‌ವಿಡಿಎ ಅನ್ನುವ, ಪರದೆಯ ಮೇಲಿರುವುದನ್ನು ಓದಿ ಹೇಳುವ ಉಚಿತ ಸ್ಕ್ರೀನ್ ರೀಡರ್ ಹಾಕಿಕೊಂಡಿದ್ದಾರೆ. ‘ನಿಮ್ಮ ಸೈಟಿನಾಗ ಇಪ್ಪತ್ತಾರು ಸೀರಿ ಅದಾವಂತ ಗೊತ್ತಾತ್ರಿ. ಆದ್ರ ಎಲ್ಲಾದಕ್ಕೂ ಐಎಂಜಿ ನಾಕು ಸಾವಿರದ ಅಂತ ಓದಾಕತ್ತೇತಿ. ದಡಿ ಯಾವ್ದು, ಸೆರಗು ಯಾವ್ದು ಹೇಳ್ರಿ’ ಅಂದರು.

ಫೋಟೊಗೆ ಆಲ್ಟ್ ಟೆಕ್ಸ್ಟ್, ಅಂದರೆ ಅದರಲ್ಲಿ ಏನಿದೆ ಅಂತ ಹೇಳುವ ಸಾಲು, ಕೊಟ್ಟಿಲ್ಲದಿದ್ದರೆ ಹೀಗೇ ಆಗುವುದು. ಅದರಲ್ಲೂ ಆ ಫೋಟೊ ಒಂದು ಲಿಂಕ್ ಆಗಿದ್ದರೆ, ಓದಲು ಬೇರೇನೂ ಸಿಗದೆ ಸ್ಕ್ರೀನ್ ರೀಡರ್ ಫೈಲಿನ ಹೆಸರನ್ನೋ ವಿಳಾಸವನ್ನೋ ಓದಿಬಿಡುತ್ತದೆ. ಸೈಟಿನಲ್ಲಿದ್ದ ಚಿತ್ರಗಳು ಒಟ್ಟು 46. ಚಿತ್ರ ನೋಡಿ ತಾನೇ ಒಂದು ಸಾಲು ಬರೆದುಕೊಡುವ ಟೂಲ್‌ಗಳು ಈಗ ಬೇಕಾದಷ್ಟಿವೆ. ಯಾವುದನ್ನು ಹಿಡಿಯುವುದು ಅನ್ನುವುದೇ ನನ್ನ ತಲೆನೋವಾಗಿತ್ತು. ಇದೇ ಪ್ರಶ್ನೆ ಕೇಳಿ ಬರೆದವರು ಹಲವರಿದ್ದಾರೆ, ಹಾಗಾಗಿ ನಾನು ಅಳೆದು ನೋಡಿದ ರೀತಿಯನ್ನು ಇಲ್ಲಿ ಹೇಳುತ್ತೇನೆ.

ಯಾವ ಅಳತೆ ಹಿಡಿಯಬೇಕು

ಮೊದಲು ನಾನು ನೋಡಿದ್ದು ಯಾವ ಟೂಲ್ ಚೆನ್ನಾಗಿ ಬರೆಯುತ್ತದೆ ಅಂತ. ಅದು ತಪ್ಪು ಅಳತೆ. ಟೂಲ್ ಬರೆದದ್ದನ್ನು ಕೊನೆಗೆ ನಾವೇ ಓದಿ ಒಪ್ಪಬೇಕು. ಹಾಗಾಗಿ ನೋಡಬೇಕಾದ ಮೊದಲ ವಿಷಯ, ಅದರ ತಪ್ಪು ನಮ್ಮ ಕಣ್ಣಿಗೆ ಎಷ್ಟು ಸುಲಭವಾಗಿ ಬೀಳುತ್ತದೆ ಅನ್ನುವುದು. ಸಪ್ಪೆಯಾಗಿ ಬರೆಯುವ ಟೂಲಿನ ತಪ್ಪು ಎದ್ದು ಕಾಣುತ್ತದೆ. ನಯವಾಗಿ ಬರೆಯುವ ಟೂಲಿನ ತಪ್ಪು ಆ ನಯದೊಳಗೇ ಅವಿತುಕೊಂಡಿರುತ್ತದೆ.

ಎರಡನೆಯದು ಕನ್ನಡ. ಕನ್ನಡದಲ್ಲೇ ಬರೆಯುತ್ತದೋ, ಇಂಗ್ಲಿಷಿನಲ್ಲಿ ಬರೆದದ್ದನ್ನು ನಾವು ಅನುವಾದ ಮಾಡಬೇಕೋ? ಮೂರನೆಯದು, ನಮ್ಮ ಫೋಟೊ ಎಲ್ಲಿಗೆ ಹೋಗುತ್ತದೆ. ಸೀರೆಯ ಫೋಟೊ ಎಲ್ಲಿಗೆ ಹೋದರೂ ಚಿಂತೆಯಿಲ್ಲ. ಸೀರೆ ಉಟ್ಟು ಫೋಟೊ ಕಳಿಸಿದ ಗಿರಾಕಿಯ ಮುಖ ಹಾಗಲ್ಲ. ಕೊನೆಯದು ಖರ್ಚು. ಇದರಲ್ಲಿ ನಾವು ತಿದ್ದುವುದಕ್ಕೆ ಹಿಡಿಯುವ ಹೊತ್ತನ್ನೂ ಸೇರಿಸಿಕೊಳ್ಳಬೇಕು, ಯಾಕೆಂದರೆ ಸಾಮಾನ್ಯವಾಗಿ ದುಡ್ಡಿಗಿಂತ ಅದೇ ಜಾಸ್ತಿ.

ಟೂಲ್ ತೆರೆಯುವ ಮೊದಲು ಒಂದು ಕೆಲಸ

ಯಾವ ಟೂಲಿಗೂ ಗೊತ್ತಿಲ್ಲದ ಸಂಗತಿ ಒಂದಿದೆ. ಆ ಚಿತ್ರ ಪುಟದಲ್ಲಿ ಯಾಕೆ ಇದೆ ಅನ್ನುವುದು. ಚಿತ್ರವನ್ನಷ್ಟೇ ಕೊಟ್ಟರೆ ಅದು ಕಂಡದ್ದನ್ನು ಹೇಳುತ್ತದೆ. ನಮ್ಮ ಸೈಟಿನಲ್ಲಿ ವಾಟ್ಸ್‌ಆ್ಯಪ್ ಗುರುತಿನ ಒಂದು ಬಟನ್ ಇದೆ. ಅದಕ್ಕೆ ಬಂದ ಕರಡು: ‘ಹಸಿರು ವೃತ್ತದೊಳಗೆ ಬಿಳಿ ಫೋನಿನ ಚಿತ್ರ’. ಅಕ್ಷರಶಃ ನಿಜ. ಆದರೆ ಅದನ್ನು ಒತ್ತಿದರೆ ಏನಾಗುತ್ತದೆ ಅಂತ ಕೇಳುವವರಿಗೆ ಅದರಿಂದ ಗೊತ್ತಾಗುವುದಿಲ್ಲ.

ಆದ್ದರಿಂದ 46 ಚಿತ್ರಗಳನ್ನು ಮೊದಲು ಕೈಯಲ್ಲೇ ಬೇರೆಬೇರೆ ಮಾಡಿದೆ. ಲೋಗೊ ಮತ್ತು ಬಟನ್ 5. ಇವುಗಳಿಗೆ ಒತ್ತಿದರೆ ಆಗುವ ಕೆಲಸವನ್ನೇ ಬರೆಯಬೇಕು. ಪುಟದ ಅಂದಕ್ಕೆ ಹಾಕಿದ ಬಳ್ಳಿ, ಗೆರೆ, ಹಿನ್ನೆಲೆ 8. ಇವುಗಳ ಆಲ್ಟ್ ಖಾಲಿ ಇರಬೇಕು. ಖಾಲಿ ಆಲ್ಟ್ ಅಂದರೆ ಆಲ್ಟ್ ಬರೆಯದೇ ಬಿಡುವುದಲ್ಲ, ಎರಡು ಉದ್ಧರಣ ಚಿಹ್ನೆಗಳ ನಡುವೆ ಏನೂ ಇಲ್ಲದಂತೆ ಕೊಡುವುದು. ಆಗ ಸ್ಕ್ರೀನ್ ರೀಡರ್ ಆ ಚಿತ್ರವನ್ನು ಸದ್ದಿಲ್ಲದೆ ದಾಟಿಕೊಂಡು ಹೋಗುತ್ತದೆ.

```html
<a href="/vicharisi"><img src="wa.png" alt="ವಾಟ್ಸ್‌ಆ್ಯಪ್‌ನಲ್ಲಿ ವಿಚಾರಿಸಿ"></a>
<img src="balli.png" alt="">
```

ಈ 13 ಚಿತ್ರಗಳಿಗೆ ಟೂಲ್ ಬೇಡವೇ ಬೇಡ, ಹತ್ತು ನಿಮಿಷದ ಕೈಕೆಲಸ. ಅಕ್ಷರಗಳೇ ತುಂಬಿದ ಚಿತ್ರ 3, ಜನ ಮತ್ತು ಮಗ್ಗದ ಫೋಟೊ 4, ಸೀರೆ 26. ಟೂಲಿನ ಪ್ರಶ್ನೆ ಬರುವುದು ಈ 33ಕ್ಕೆ ಮಾತ್ರ.

ಮೊದಲ ದಾರಿ: ನಮ್ಮ ಕಂಪ್ಯೂಟರಿನಲ್ಲೇ ಓಡುವ ಚಿಕ್ಕ ಟೂಲ್

ಬ್ಲಿಪ್, ಫ್ಲಾರೆನ್ಸ್-2 ಇಂಥವು ಈ ಜಾತಿಯವು. ಒಂದು ಸಲ ಇಳಿಸಿಕೊಂಡರೆ ಸಾಕು, ಆಮೇಲೆ ನೆಟ್ ಬೇಡ. ಬ್ಲಿಪ್‌ನ ಚಿಕ್ಕ ಆವೃತ್ತಿ ಹೆಚ್ಚುಕಡಿಮೆ ಒಂದು ಜಿಬಿ. ಮಾಮೂಲಿ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಸ್ವಲ್ಪ ನಿಧಾನ ಅಷ್ಟೆ. ದುಡ್ಡಿಲ್ಲ, ಫೋಟೊ ಮನೆ ಬಿಟ್ಟು ಹೋಗುವುದಿಲ್ಲ. ಆದರೆ ಪೈಥಾನ್ ಹಾಕಿಕೊಂಡು ನಾಲ್ಕು ಸಾಲು ಕೋಡ್ ಓಡಿಸುವಷ್ಟು ಅಭ್ಯಾಸ ಬೇಕು.

ಬರೆಯುವುದು ಇಂಗ್ಲಿಷಿನಲ್ಲಿ, ಸಾಮಾನ್ಯವಾಗಿ ಒಂದೇ ಸಾಲು. ಗಿಳಿಹಸಿರು ಮೈ, ಕೆಂಪು ಸೆರಗು, ಗೋಮಿ ಅನ್ನುವ ವಿನ್ಯಾಸದ ದಡಿ ಇರುವ ಒಂದು ಸೀರೆಯ ಫೋಟೊವನ್ನು ಈ ಜಾತಿಯ ಟೂಲಿಗೆ ಕೊಟ್ಟೆ. ‘ವಿನ್ಯಾಸವಿರುವ ಕೆಂಪು ಮತ್ತು ಹಸಿರು ಬಟ್ಟೆ’ ಎಂಬರ್ಥದ ಸಾಲು ಬಂತು. ಸೀರೆ ಅಂತಲೂ ಇಲ್ಲ. ಮಗ್ಗದ ಮುಂದೆ ಕೂತ ನೇಕಾರರ ಫೋಟೊಗೆ ‘ಹೊಲಿಗೆ ಯಂತ್ರದ ಬಳಿ ಕೂತ ಹೆಂಗಸು’ ಅಂತ ಬಂತು. ನೆಲದ ಗುಂಡಿಯಲ್ಲಿ ಕಾಲಿಳಿಸಿ ನೇಯುವ ಕುಣಿ ಮಗ್ಗ ನೋಡಿರದವರಿಗೆ ಹಾಗೆ ಕಂಡರೆ ಬೈಯುವ ಹಾಗೂ ಇಲ್ಲ ಬಿಡಿ. ಈ ಟೂಲ್‌ಗಳು ಕಲಿತದ್ದು ಬಹುಪಾಲು ಇಂಗ್ಲಿಷ್ ಶೀರ್ಷಿಕೆ ಇರುವ ಫೋಟೊಗಳಿಂದ. ಅಲ್ಲಿ ನಾಯಿ, ಬಸ್ಸು, ಪಿಜ್ಜಾ, ಟೆನಿಸ್ ಆಟ ಧಾರಾಳವಾಗಿವೆ. ಕುಣಿ ಮಗ್ಗಕ್ಕೆ ಅಷ್ಟು ಜಾಗ ಇಲ್ಲ.

ಒಳ್ಳೆಯದೇನೆಂದರೆ ಇಂಥ ತಪ್ಪು ಓದಿದ ಕೂಡಲೇ ಕಾಣುತ್ತದೆ. ಕೆಟ್ಟದ್ದೇನೆಂದರೆ 26 ಸೀರೆಗೂ ಹೆಚ್ಚುಕಡಿಮೆ ಒಂದೇ ಸಾಲು ಬರುತ್ತದೆ. ಒಂದು ಸೀರೆಯಿಂದ ಇನ್ನೊಂದನ್ನು ಬೇರೆ ಮಾಡಿ ತೋರಿಸುವುದೇ ಇಲ್ಲಿ ಆಲ್ಟ್‌ನ ಕೆಲಸ. ಅದೇ ಆಗದಿದ್ದರೆ ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಬೇಗ.

ಅದನ್ನೂ ಮೀರಿದ ಮಜಾ ಅನುವಾದದ್ದು. ಬಾರ್ಡರ್, ಬಾಡಿ ಅಂತ ಇದ್ದ ಇನ್ನೊಂದು ಇಂಗ್ಲಿಷ್ ಸಾಲನ್ನು ಕನ್ನಡಕ್ಕೆ ತರಲು ಮತ್ತೊಂದು ಟೂಲಿಗೆ ಹಾಕಿದರೆ ಸೀರೆಯ ದಡಿ ಹೋಗಿ ‘ಗಡಿ’ ಆಯಿತು, ಸೀರೆಯ ಮೈ ಹೋಗಿ ‘ದೇಹ’ ಆಯಿತು. ‘ಹಸಿರು ದೇಹ ಮತ್ತು ಕೆಂಪು ಗಡಿ’ ಅಂತ ಓದಿ ಅತ್ತಿಗೆ ಅರ್ಧ ಗಂಟೆ ನಕ್ಕರು.

ಎರಡನೆಯ ದಾರಿ: ನೆಟ್ಟಿನ ಮೂಲಕ ಬಳಸುವ ದೊಡ್ಡ ಟೂಲ್

ಚಿತ್ರ ಮತ್ತು ಭಾಷೆ ಎರಡನ್ನೂ ಒಟ್ಟಿಗೆ ಕಲಿತ ದೊಡ್ಡ ಎಐ ಮಾದರಿಗಳು ಇವು. ಫೋಟೊ ಏರಿಸಿದರೆ ಕನ್ನಡದಲ್ಲೇ ಕರಡು ಕೊಡುತ್ತವೆ. ಚಿತ್ರದೊಳಗಿನ ಕನ್ನಡ ಅಕ್ಷರವನ್ನೂ ಬಹುಮಟ್ಟಿಗೆ ಓದುತ್ತವೆ. ಚಿತ್ರದ ಜೊತೆಗೆ ನಾಲ್ಕು ಮಾತಿನ ಸೂಚನೆ ಸೇರಿಸಲೂ ಬಹುದು. ಇದೇ ಇವುಗಳ ದೊಡ್ಡ ಅನುಕೂಲ. ಬೆಲೆಯೂ ಹೆಚ್ಚಲ್ಲ. ಕೆಲವಕ್ಕೆ ದಿನಕ್ಕಿಷ್ಟು ಅಂತ ಉಚಿತ ಬಳಕೆ ಇದೆ. ಆದರೆ ಫೋಟೊ ಬೇರೆಯವರ ಸರ್ವರಿಗೆ ಹೋಗುತ್ತದೆ. ಏರಿಸಿದ್ದನ್ನು ತರಬೇತಿಗೆ ಬಳಸಬೇಡಿ ಅನ್ನುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಇದೆಯೇ ಅಂತ ಮೊದಲೇ ನೋಡಿಕೊಳ್ಳಿ.

ಅದೇ ಗಿಳಿಹಸಿರು ಸೀರೆಯನ್ನು ಯಾವ ಸೂಚನೆಯೂ ಇಲ್ಲದೆ ಕೊಟ್ಟಾಗ ಬಂದ ಕರಡು ಇದು: ‘ಈ ಚಿತ್ರದಲ್ಲಿ ಚಿನ್ನದ ಜರಿ ಅಂಚಿನ ಸುಂದರವಾದ ಹಸಿರು ಮತ್ತು ಕೆಂಪು ಬಣ್ಣದ ಸಾಂಪ್ರದಾಯಿಕ ಶುದ್ಧ ರೇಷ್ಮೆ ಕಾಂಚೀಪುರಂ ಸೀರೆಯನ್ನು ಕಾಣಬಹುದು.’

ಓದಿದರೆ ಎಷ್ಟು ಚೆನ್ನಾಗಿದೆ ಅಲ್ವಾ? ಈಗ ಒಂದೊಂದೇ ಮಾತನ್ನು ಹಿಡಿದು ನೋಡೋಣ.

ಕಾಂಚೀಪುರಂ ತಪ್ಪು. ಇಳಕಲ್ ಸೀರೆಯ ಗುರುತು ಅದರ ಸೆರಗಿನಲ್ಲಿದೆ. ಕೆಂಪು ನೆಲದ ಮೇಲೆ ಬಿಳಿಯ ಮೊನಚು ಸಾಲು, ನಮ್ಮಲ್ಲಿ ಟೋಪ್ ತೆನಿ ಅನ್ನುತ್ತಾರೆ. ಟೂಲ್ ಅದನ್ನು ನೋಡಿದೆ, ಗುರುತು ಹಿಡಿದಿಲ್ಲ. ‘ಶುದ್ಧ ರೇಷ್ಮೆ’ ಇನ್ನೂ ದೊಡ್ಡ ತಪ್ಪು. ಯಾಕೆಂದರೆ ಅದು ಫೋಟೊದಿಂದ ಗೊತ್ತಾಗುವ ವಿಷಯವೇ ಅಲ್ಲ. ಈ ಸೀರೆಯ ಮೈಗೆ ಹಾಸು, ಅಂದರೆ ಉದ್ದದ ನೂಲು, ಹತ್ತಿಯದು, ಸೆರಗಿಗೆ ರೇಷ್ಮೆಯದು. ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಶುದ್ಧ ರೇಷ್ಮೆ ಅಂತ ಕೇಳಿ ಯಾರಾದರೂ ಕೊಂಡರೆ ಅದು ಮೋಸ, ಬರೆದದ್ದು ಟೂಲ್ ಅಂದರೆ ಯಾರೂ ಕೇಳುವುದಿಲ್ಲ. ಚಿನ್ನದ ಜರಿ ಅಂದದ್ದು ಹಳದಿ ನೂಲು. ‘ಸುಂದರ’ ಅನ್ನುವುದು ಕೊಳ್ಳುವವರು ಹೇಳಬೇಕಾದ ಮಾತು. ‘ಈ ಚಿತ್ರದಲ್ಲಿ ಕಾಣಬಹುದು’ ಬೇಡವೇ ಬೇಡ, ಇದು ಚಿತ್ರ ಅಂತ ಸ್ಕ್ರೀನ್ ರೀಡರ್ ಮೊದಲೇ ಹೇಳಿರುತ್ತದೆ. ಇಷ್ಟೆಲ್ಲ ಹೇಳಿದ ಸಾಲಿನಲ್ಲಿ ಟೀಚರ್ ಕೇಳಿದ ದಡಿ ಯಾವುದು ಅನ್ನುವುದು ಮಾತ್ರ ಇಲ್ಲ.

ಆಮೇಲೆ ಸೂಚನೆ ಬರೆದೆ. ಇದು ಇಳಕಲ್ ಸೀರೆ ಮಾರುವ ಪುಟ. ಮೈ, ದಡಿ, ಸೆರಗು ಈ ಕ್ರಮದಲ್ಲಿ ಬಣ್ಣ ಮತ್ತು ವಿನ್ಯಾಸ ಹೇಳಬೇಕು. ಹದಿನೈದು ಪದ ಮೀರಬಾರದು. ಬಟ್ಟೆ ಯಾವುದು, ಕೈಮಗ್ಗವೋ ಅಲ್ಲವೋ ಅಂತ ಊಹಿಸಬಾರದು. ಹೊಗಳಬಾರದು. ಸೀರೆಯ ಹೆಸರು ಪಕ್ಕದಲ್ಲೇ ಬರೆದಿದೆ, ಮತ್ತೆ ಹೇಳಬಾರದು. ಈಗ ಬಂದ ಕರಡು: ‘ಹಸಿರು ಮೈ, ಕೆಂಪು ಅಂಚಿನಲ್ಲಿ ಹಳದಿ ಗೆರೆಗಳು, ಕೆಂಪು ಸೆರಗಿನಲ್ಲಿ ಬಿಳಿ ತ್ರಿಕೋನಗಳ ಸಾಲು.’ ಇದು ತಿದ್ದಬಹುದಾದ ಕರಡು. ಹಸಿರನ್ನು ಗಿಳಿಹಸಿರು ಮಾಡಿ, ದಡಿ ಮತ್ತು ತೆನಿಗೆ ಅವುಗಳ ಹೆಸರು ಕೊಟ್ಟರೆ ಮುಗಿಯಿತು.

```html
<img src="IMG_4523.jpg"
     alt="ಗಿಳಿಹಸಿರು ಮೈ, ಗೋಮಿ ದಡಿ. ಕೆಂಪು ಸೆರಗಿನಲ್ಲಿ ಬಿಳಿ ಟೋಪ್ ತೆನಿ ಸಾಲು.">
```

ಸೂಚನೆ ಕೊಟ್ಟ ಮೇಲೂ ಎಲ್ಲ ತಪ್ಪೂ ನಿಲ್ಲುವುದಿಲ್ಲ. ನೇಕಾರರ ಫೋಟೊಗೆ ಕರಡು ಬಂತು: ‘ವೃದ್ಧೆಯೊಬ್ಬಳು ಮಗ್ಗದಲ್ಲಿ ನೇಯುತ್ತಿದ್ದಾಳೆ.’ ಮಗ್ಗ ಸರಿ, ನೇಯುವುದು ಸರಿ. ಆದರೆ ಅತ್ತಿಗೆ ಆ ಅಜ್ಜಿಯನ್ನು ಒಂದು ದಿನವೂ ಏಕವಚನದಲ್ಲಿ ಕರೆದವರಲ್ಲ. ‘ನೇಯುತ್ತಿದ್ದಾರೆ’ ಆಗಬೇಕು. ಇಂಗ್ಲಿಷಿನ ನೆರಳು ಕನ್ನಡದ ಮೇಲೆ ಬೀಳುವ ಜಾಗ ಇದು, ಕಣ್ಣು ಜಾರಿ ಹೋಗುತ್ತದೆ. ಇನ್ನೊಂದು ಫೋಟೊದಲ್ಲಿ ಸೀರೆ ಉಟ್ಟು ನಿಂತ ಗಿರಾಕಿಯನ್ನು ‘ವಧು’ ಅಂತ ಕರೆದಿತ್ತು. ಮದುವೆಯೂ ಇಲ್ಲ, ಮುಂಜಿಯೂ ಇಲ್ಲ, ಅಂಗಡಿಯ ಬಾಗಿಲಲ್ಲಿ ತೆಗೆದ ಫೋಟೊ ಅದು. ವಯಸ್ಸು, ಸಂಬಂಧ, ಸಂದರ್ಭ ಇವೆಲ್ಲ ಟೂಲಿನ ಊಹೆ. ಗೊತ್ತಿರುವ ನಾವು ಬರೆಯಬೇಕು, ಇಲ್ಲವೇ ಬಿಡಬೇಕು.

ಮೂರನೆಯ ದಾರಿ: ಸೈಟಿನಲ್ಲೇ ಕೂತು ತಾನೇ ತುಂಬುವ ಪ್ಲಗಿನ್

ವರ್ಡ್‌ಪ್ರೆಸ್ ಇರುವವರಿಗೆ ಇದರ ಸೆಳೆತ ಜಾಸ್ತಿ. ಫೋಟೊ ಏರಿಸಿದ ಕ್ಷಣ ಆಲ್ಟ್ ತುಂಬಿರುತ್ತದೆ. ಹಳೆಯ ಫೋಟೊಗಳಿಗೂ ಒಂದೇ ಏಟಿಗೆ ತುಂಬುತ್ತದೆ. ಒಳಗೆ ಓಡುವುದು ಎರಡನೆಯ ದಾರಿಯ ದೊಡ್ಡ ಮಾದರಿಯೇ. ತಿಂಗಳಿಗಿಷ್ಟು ಅಥವಾ ನೂರು ಚಿತ್ರಕ್ಕಿಷ್ಟು ಅಂತ ದುಡ್ಡು.

ನಾನೂ ಒಂದು ಹಾಕಿ ನೋಡಿದೆ. ಅದು 46ಕ್ಕೂ ತುಂಬಿತು. ಬಳ್ಳಿಗೂ ತುಂಬಿತು, ಗೆರೆಗೂ ತುಂಬಿತು. ಆಮೇಲೆ ಪುಟ ಎಲ್ಲರಿಗೂ ಬಳಸಲು ಬರುತ್ತದೆಯೇ ಅಂತ ಪರೀಕ್ಷಿಸುವ ಟೂಲ್ ಓಡಿಸಿದರೆ ಆಲ್ಟ್ ಇಲ್ಲದ ಚಿತ್ರ ಸೊನ್ನೆ! ಅಂಥ ಪರೀಕ್ಷೆ ಬಹುಮಟ್ಟಿಗೆ ಆಲ್ಟ್ ಇದೆಯೋ ಇಲ್ಲವೋ ಅಂತಷ್ಟೇ ನೋಡುತ್ತದೆ, ಸರಿಯೋ ತಪ್ಪೋ ಅದಕ್ಕೆ ಗೊತ್ತಾಗುವುದಿಲ್ಲ. ಮೊದಲು ಆಲ್ಟ್ ಇಲ್ಲದಿದ್ದಾಗ ಕೆಲಸ ಬಾಕಿ ಇದೆ ಅಂತ ಪಟ್ಟಿಯಾದರೂ ಸಿಗುತ್ತಿತ್ತು. ಈಗ ಶುದ್ಧ ರೇಷ್ಮೆ ಕಾಂಚೀಪುರಂ ಹಸಿರು ಟಿಕ್ ಹಾಕಿಸಿಕೊಂಡು ಆರಾಮಾಗಿ ಕೂತಿತ್ತು. ನನ್ನ ಅಳತೆಯಲ್ಲಿ ಇದು ಎಲ್ಲಕ್ಕಿಂತ ಹಿಂದೆ ಬೀಳುವುದು ಇದೇ ಕಾರಣಕ್ಕೆ.

ಆದರೂ ಪ್ಲಗಿನ್ ಬೇಕೇ ಬೇಕು ಅನ್ನುವವರು ಇದ್ದಾರೆ. ದಿನಕ್ಕೆ ಐವತ್ತು ಫೋಟೊ ಏರಿಸುವ ಸುದ್ದಿ ಸೈಟಿನವರು ಕೈಯಲ್ಲಿ ಎಷ್ಟು ಅಂತ ಬರೆಯುತ್ತಾರೆ? ಅವರು ನೋಡಬೇಕಾದ್ದು ಒಂದೇ ಗುಣ: ಕರಡನ್ನು ನೇರವಾಗಿ ಪ್ರಕಟಿಸದೆ, ಮನುಷ್ಯರು ಒಪ್ಪುವ ತನಕ ತಡೆದು ಇಡುವ ಆಯ್ಕೆ ಇದೆಯೇ. ಇದ್ದರೆ ಕೊಳ್ಳಿ, ಇಲ್ಲದಿದ್ದರೆ ಬೇಡ. ಇನ್ನೊಂದು ಸಣ್ಣ ಬಲೆ: ವರ್ಡ್‌ಪ್ರೆಸ್‌ನಲ್ಲಿ ಚಿತ್ರವನ್ನು ಬರಹದೊಳಗೆ ಸೇರಿಸುವಾಗ ಆಲ್ಟ್‌ನ ನಕಲು ಅಲ್ಲಿಗೆ ಹೋಗುತ್ತದೆ. ಆಮೇಲೆ ಮೀಡಿಯಾ ಲೈಬ್ರರಿಯಲ್ಲಿ ಎಷ್ಟು ತಿದ್ದಿದರೂ ಹಳೆಯ ಬರಹದೊಳಗಿನದು ಹಾಗೇ ಉಳಿಯುತ್ತದೆ. ‘ಎಲ್ಲಾ ತಿದ್ದಿದೆ, ಆದ್ರೂ ಹಳೇದೇ ಓದ್ತಿದೆ’ ಅಂತ ನಾನು ಒಂದು ರಾತ್ರಿ ಕಳೆದದ್ದು ಇದರಿಂದ.

ಪೂರ್ತಿ ಕೈಯಲ್ಲೇ ಬರೆಯುವುದು

ಇದರ ಬಗ್ಗೆ ಹೇಳುವುದು ಕಡಿಮೆ. ನಿಮ್ಮ ವಸ್ತು ನಿಮಗೆ ಗೊತ್ತಿದ್ದು, ಚಿತ್ರ ನಲವತ್ತು ಐವತ್ತರ ಒಳಗೆ ಇದ್ದರೆ ಇದೇ ಬೇಗ. ಅತ್ತಿಗೆ ಫೋಟೊ ನೋಡುತ್ತಾ ಬಾಯಲ್ಲಿ ಹೇಳಿದರು, ನಾನು ಟೈಪ್ ಮಾಡಿದೆ. ಒಂದು ಸೀರೆಗೆ ಅರ್ಧ ನಿಮಿಷ. ತೊಂದರೆ ಒಂದೇ, ಇಪ್ಪತ್ತನೆಯದಕ್ಕೆ ಬೇಜಾರಾಗಿ ಬರೀ ‘ಕೆಂಪು ಸೀರೆ’ ಅನ್ನಲು ಶುರು ಮಾಡುತ್ತೇವೆ. ಟೂಲಿಗೆ ಬೇಜಾರಾಗುವುದಿಲ್ಲ, ಅದೊಂದು ಅದರ ಹೆಚ್ಚುಗಾರಿಕೆ.

ಯಾವ ದಾರಿ ಹಿಡಿದರೂ ಮನುಷ್ಯರೇ ನೋಡಬೇಕಾದ್ದು

ನಾನು ಕಲಿತ ಮೊದಲ ಉಪಾಯ, ಕರಡು ಓದುವ ಮೊದಲು ಫೋಟೊ ನೋಡುವುದು. ಫೋನಿನಲ್ಲಿ ಯಾರಿಗೋ ಹೇಳುವಂತೆ ಎರಡು ಮೂರು ಪದ ಚೀಟಿಯಲ್ಲಿ ಗೀಚಿಕೊಳ್ಳಿ, ಆಮೇಲೆ ಕರಡು ತೆರೆಯಿರಿ. ಕರಡು ಮೊದಲು ಓದಿದರೆ ಅದು ಹೇಳಿದ್ದೇ ನಮಗೂ ಕಾಣುತ್ತದೆ. ಹಳದಿ ನೂಲನ್ನು ನಾನೇ ಎರಡು ಸಲ ಜರಿ ಅಂತ ಒಪ್ಪಿಬಿಟ್ಟಿದ್ದೆ. ಸೀರೆ ಮುಂದಿಟ್ಟುಕೊಂಡು ಅತ್ತಿಗೆ ಗದರಿದ ಮೇಲೆ ಕಂಡಿತು.

ಬಣ್ಣವನ್ನು ಫೋಟೊದ ಜೊತೆಗಲ್ಲ, ಸೀರೆಯ ಜೊತೆಗೇ ಹೋಲಿಸಬೇಕು. ಟೂಲ್ ನೋಡುವುದು ಕ್ಯಾಮೆರಾ ಕಂಡ ಬಣ್ಣವನ್ನು. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಗಿರಿ ಕುಂಕುಮ ಬಣ್ಣದ ಸೀರೆ ಅದಕ್ಕೆ ಕಂದು ಆಯಿತು. ಕಣ್ಣು ಕಾಣುವ ಗಿರಾಕಿ ಫೋಟೊ ನೋಡಿ ‘ಬೆಳಕಿಂದ ಹೀಗಿದೆ’ ಅಂತ ಊಹಿಸಿಯಾರು, ಕೇಳುವವರಿಗೆ ಆ ಅವಕಾಶವಿಲ್ಲ.

ಅಕ್ಷರ ತುಂಬಿದ ಮೂರು ಚಿತ್ರಗಳಲ್ಲಿ ಒಂದು ದೀಪಾವಳಿ ರಿಯಾಯಿತಿಯದು. ದೊಡ್ಡ ಟೂಲ್ ಅದರ ವಾಕ್ಯಗಳನ್ನೆಲ್ಲ ಸರಿಯಾಗಿ ಓದಿ, ಕನ್ನಡ ಅಂಕಿಯಲ್ಲಿದ್ದ ಬೆಲೆಯನ್ನು ತಪ್ಪು ಓದಿತು. ಸುತ್ತಲಿನ ಮಾತು ಸರಿ ಇದ್ದಾಗ ಅಂಕಿಯೂ ಸರಿ ಇರುತ್ತದೆ ಅಂತ ನಂಬುವುದು ಸಹಜ. ನಂಬಬೇಡಿ, ಪ್ರತಿ ಅಂಕಿಯ ಮೇಲೂ ಬೆರಳಿಟ್ಟು ನೋಡಿ. ಅದಕ್ಕಿಂತ ಒಳ್ಳೆಯ ದಾರಿ, ಆ ಮಾತನ್ನೆಲ್ಲ ಪುಟದಲ್ಲೇ ಅಕ್ಷರವಾಗಿ ಬರೆದುಬಿಡುವುದು. ಸೀರೆ ಒಗೆಯುವ ವಿಧಾನದ ಚಿತ್ರವನ್ನು ನಾವು ತೆಗೆದೇ ಹಾಕಿದೆವು, ಏಳು ಸಾಲು ಬರೆದೆವು. ಅಷ್ಟುದ್ದದ್ದನ್ನು ಆಲ್ಟ್‌ನಲ್ಲಿ ತುಂಬುವುದು ಸರಿಯಲ್ಲ, ಕೇಳುವುದಕ್ಕೂ ಹಿಂಸೆ.

ಕೊನೆಗೆ ಕೇಳಿ ನೋಡಬೇಕು. ಎನ್‌ವಿಡಿಎ ಹಾಕಿಕೊಂಡು ಪುಟ ತೆರೆದು G ಕೀಲಿ ಒತ್ತುತ್ತಾ ಹೋದರೆ ಒಂದು ಚಿತ್ರದಿಂದ ಮುಂದಿನದಕ್ಕೆ ಹಾರುತ್ತದೆ. ನಾನು ಹಾಗೆ ಮಾಡಿದಾಗ ಸೀರೆಗಳ ಆಲ್ಟ್ ಏನೇನೋ ಆಗಿ ಕೇಳಿಸಿತು. ಬರೆದದ್ದೆಲ್ಲ ಸರಿಯಿತ್ತು. ಕಾರಣ ಪುಟದ ತಲೆಯಲ್ಲಿತ್ತು.

```html
<html lang="en-US">
```

ಇಂಗ್ಲಿಷ್ ಥೀಮಿನ ಸೈಟಿನಲ್ಲಿ ಇದು ಹಾಗೇ ಉಳಿದಿರುತ್ತದೆ. ಪುಟ ಇಂಗ್ಲಿಷಿನದು ಅಂತ ನಂಬಿ ಸ್ಕ್ರೀನ್ ರೀಡರ್ ಇಂಗ್ಲಿಷ್ ಧ್ವನಿಯಲ್ಲಿ ಕನ್ನಡ ಓದಲು ಹೋಗುತ್ತದೆ, ಕೆಲವು ಧ್ವನಿಗಳಂತೂ ಕನ್ನಡ ಅಕ್ಷರವನ್ನು ಬಿಟ್ಟೇ ಬಿಡುತ್ತವೆ. ವರ್ಡ್‌ಪ್ರೆಸ್ ಸೆಟ್ಟಿಂಗ್ಸ್‌ನಲ್ಲಿ ಸೈಟಿನ ಭಾಷೆ ಕನ್ನಡ ಮಾಡಿದೆ, `lang="kn"` ಆಯಿತು. ಪುಟ ಇಂಗ್ಲಿಷಿನದೇ ಆಗಿದ್ದು ಆಲ್ಟ್ ಮಾತ್ರ ಕನ್ನಡದಲ್ಲಿದ್ದರೆ ಈ `lang` ಅನ್ನು ಆ ಚಿತ್ರಕ್ಕೇ ಸೇರಿಸಬಹುದು.

ಹಾಗಾದರೆ ಯಾರಿಗೆ ಯಾವುದು

ಐವತ್ತರ ಒಳಗಿನ ಚಿತ್ರ, ವಸ್ತು ಬಲ್ಲವರು ಪಕ್ಕದಲ್ಲೇ ಇದ್ದಾರೆ ಅಂದರೆ ಕೈಯಲ್ಲೇ ಬರೆಯಿರಿ. ನೂರಾರು ಚಿತ್ರ, ಎಲ್ಲ ಒಂದೇ ಜಾತಿಯವು ಅಂದರೆ ದೊಡ್ಡ ಟೂಲ್, ಆದರೆ ಸೂಚನೆ ಬರೆಯಲು ಒಂದು ಸಂಜೆ ಕೊಡಿ. ಮೊದಲ ಹತ್ತು ಕರಡು ನೋಡಿ ಸೂಚನೆ ತಿದ್ದಿ, ಆಮೇಲೆ ಉಳಿದವು. ಆಸ್ಪತ್ರೆ, ಶಾಲೆ, ಮಕ್ಕಳ ಫೋಟೊ ಇರುವವರು ಚಿಕ್ಕ ಟೂಲ್ ಅಥವಾ ಕೈಬರಹ, ಫೋಟೊ ಹೊರಗೆ ಹೋಗಬಾರದಲ್ವಾ. ದಿನವೂ ರಾಶಿ ಫೋಟೊ ಬರುವ ಕಡೆ ಪ್ಲಗಿನ್, ತಡೆದು ಇಡುವ ಆಯ್ಕೆಯ ಜೊತೆಗೆ.

ನಾವು ಮಾಡಿದ್ದು ಬೆರಕೆ. ಮೊದಲ 26 ಸೀರೆಗೆ ಅತ್ತಿಗೆ ಹೇಳಿದ್ದೇ ಆಲ್ಟ್. ಈಗ ಹೊಸ ಸೀರೆ ಬಂದಾಗ ಆ 26ರಲ್ಲಿ ನಾಲ್ಕನ್ನು ಮಾದರಿಯಾಗಿ ಸೂಚನೆಗೆ ಸೇರಿಸಿ ದೊಡ್ಡ ಟೂಲಿನಿಂದ ಕರಡು ತೆಗೆಯುತ್ತೇನೆ. ದಡಿ, ತೆನಿ ಅನ್ನುವ ಮಾತು ಈಗ ತಾನೇ ಬರುತ್ತದೆ. ಆದರೆ ಗೋಮಿ ಯಾವುದು, ಚಿಕ್ಕಿ ಪರಾಸ್ ಯಾವುದು ಅನ್ನುವುದನ್ನು ಈಗಲೂ ಅದಲುಬದಲು ಮಾಡುತ್ತದೆ. ಹೆಸರು ಕಲಿತ ಮೇಲೆ ತಪ್ಪು ಹುಡುಕುವುದು ಮೊದಲಿಗಿಂತ ಕಷ್ಟವಾಗಿದೆ. ಹಾಗಾಗಿ ದಡಿಯ ಹೆಸರಿನ ಜಾಗವನ್ನು ಖಾಲಿ ಬಿಡುವಂತೆ ಸೂಚನೆಯಲ್ಲೇ ಸೇರಿಸಿದ್ದೇನೆ. ಅದನ್ನು ಸೀರೆ ಮಡಿಸುತ್ತಾ ಅತ್ತಿಗೆ ಹೇಳುತ್ತಾರೆ, ನಾನು ತುಂಬುತ್ತೇನೆ. ಟೀಚರ್ ಹೋದ ತಿಂಗಳು ಗೋಮಿ ದಡಿಯದೇ ಒಂದು ತರಿಸಿಕೊಂಡರು.